ಕೊಟೇಶನ್ ಮೇಲ್ ಕಳಿಸುವ ಮುಂಚೆ ಏನೇನು ತಿದ್ದಬೇಕು?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನನ್ನದು ಸಣ್ಣ ಫರ್ನಿಚರ್ ಅಂಗಡಿ. ಗದಗಿನ ಶಾಲೆಯೊಂದಕ್ಕೆ ಹೀಗೆ ಬರೆದಿದ್ದೇನೆ: ‘ಸ್ಟೀಲ್ ಕುರ್ಚಿ 40, ಒಂದಕ್ಕೆ ₹850, ಒಟ್ಟು ₹34,000. ಜಿಎಸ್‌ಟಿ ಬಿಲ್ ಕೊಡುತ್ತೇವೆ. ಗಾಡಿ ಬಾಡಿಗೆ ನೋಡಿ ಮಾಡೋಣ. ರೇಟು 15 ದಿನ.’ ಕಾಗುಣಿತ ಸರಿ ಇದೆಯಾ?

ಉತ್ತರ: ಕಾಗುಣಿತ ಸರಿ ಇದೆ. ಎಡವಟ್ಟು ಇರುವುದು ‘ಜಿಎಸ್‌ಟಿ ಬಿಲ್ ಕೊಡುತ್ತೇವೆ’ ಅನ್ನುವಲ್ಲಿ. ತೆರಿಗೆ ಬೇರೆ ಅಂತ ನಿಮ್ಮ ಮನಸ್ಸಿನಲ್ಲಿದೆ. ಓದುವವರಿಗೆ ಮಾತ್ರ ₹34,000ದಲ್ಲೇ ಎಲ್ಲ ಮುಗಿಯಿತು ಅನ್ನಿಸುತ್ತದೆ. ಸ್ಟೀಲ್ ಕುರ್ಚಿಗೆ 18% ತೆರಿಗೆ, ಅಂದರೆ ₹6,120. ಶಾಲೆ ಕೊಡಬೇಕಾದದ್ದು ₹40,120. ಅವರು ₹34,000ಕ್ಕೇ ಪಟ್ಟು ಹಿಡಿದರೆ ಅದರೊಳಗಿಂದಲೇ ಸುಮಾರು ₹5,186 ತೆರಿಗೆ ಕಟ್ಟಬೇಕು. ಲಾಭ ಅಲ್ಲೇ ಕರಗಿತು ಅಲ್ವಾ?

ಹಾಗಾಗಿ ಮೂರು ಸಾಲು ಮಾಡಿ: ಕುರ್ಚಿ ₹34,000, ಜಿಎಸ್‌ಟಿ 18% ₹6,120, ಒಟ್ಟು ₹40,120. ಕೂಡಿದ್ದನ್ನು ಕ್ಯಾಲ್ಕುಲೇಟರಿನಲ್ಲಿ ಇನ್ನೊಮ್ಮೆ ನೋಡಿ. ಹಳೇ ಮೇಲ್ ಕಾಪಿ ಮಾಡಿ ಸಂಖ್ಯೆ ಬದಲಿಸಿದಾಗ ಒಟ್ಟು ಮೊತ್ತ ಮಾತ್ರ ಹಳೇದೇ ಉಳಿಯುತ್ತದೆ, ನನಗೂ ಆಗಿದೆ. ನೀವು ಕಾಂಪೊಸಿಷನ್ ಸ್ಕೀಮಿನಲ್ಲಿದ್ದರೆ ತೆರಿಗೆಯ ಸಾಲೇ ಬೇಡ, ಗಿರಾಕಿಯಿಂದ ಅದನ್ನು ವಸೂಲಿ ಮಾಡುವಂತಿಲ್ಲ.

‘ನೋಡಿ ಮಾಡೋಣ’ ಅಂಗಡಿಯ ಮಾತು, ಮೇಲ್‌ಗೆ ಆಗುವುದಿಲ್ಲ. ‘ಗದಗಿನವರೆಗೆ ಗಾಡಿ ಬಾಡಿಗೆ ಬೇರೆ, ಶಾಲೆಯೇ ಕೊಡಬೇಕು’ ಅಂತ ಬರೆಯಿರಿ. ‘15 ದಿನ’ ಯಾವತ್ತಿನಿಂದ? ಕೊನೆಯ ತಾರೀಖನ್ನೇ ಹಾಕಿ. ಇಲ್ಲದಿದ್ದರೆ ಸ್ಟೀಲ್ ರೇಟು ಏರಿದ ಮೇಲೆ ಅದೇ ಮೇಲ್ ತೋರಿಸಿ ಕುರ್ಚಿ ಕೇಳುತ್ತಾರೆ.