ನಿಫ್ಟಿಗೆ ಸೇರುವ ಷೇರು: ಏರುವುದು ಯಾವಾಗ, ಯಾಕೆ

"ನಿಫ್ಟಿ 50ಗೆ ಹೊಸದಾಗಿ ಸೇರೋ ಷೇರಿನ ಹೆಸರು ಒಂದು ತಿಂಗಳು ಮೊದಲೇ ಹೇಳ್ತಾರಂತೆ. ಅವತ್ತೇ ತಗೊಂಡು ಸೇರೋ ದಿನ ಮಾರಿದ್ರೆ ಲಾಭ ಗ್ಯಾರಂಟಿ ಅಲ್ವಾ? ಫಂಡ್‌ನವರು ಹೇಗೂ ತಗೊಳ್ಳಲೇಬೇಕಲ್ಲ?" (ಶ್ರೀನಿವಾಸಪುರದ ಸದಸ್ಯರು)

ತಗೊಳ್ಳಲೇಬೇಕು, ನಿಜ. ಆದರೆ ಅದು ನಿಮಗೆ ಗೊತ್ತಿರುವ ಹಾಗೆ ಮುಂಬೈನಲ್ಲಿ ಕೂತವರಿಗೂ ಗೊತ್ತು. ಅವರಿಗೆ ನಿಮಗಿಂತ ಮೊದಲೇ ಗೊತ್ತು. ನಿಮ್ಮ ಗ್ಯಾರಂಟಿ ಕೈಕೊಡುವುದು ಅಲ್ಲೇ.

ಮೊದಲು ಯಾರು ತಗೊಳ್ಳಲೇಬೇಕು ಅನ್ನೋದು ನೋಡೋಣ. ಮಾಲೂರಿನ ಅಣ್ಣ ನಮ್ಮ ಗುಂಪಿನಲ್ಲಿ "ಎಲ್ಲ ಮ್ಯೂಚುವಲ್ ಫಂಡ್‌ನವರೂ ತಗೊಳ್ಳಲೇಬೇಕು" ಎಂದು ಬರೆದಿದ್ದಾರೆ. ಅದು ಅರ್ಧ ಸರಿ. ಆಯ್ದು ಕೊಳ್ಳುವ ಸಾಮಾನ್ಯ ಫಂಡ್‌ಗಳಿಗೆ ಯಾವ ಕಟ್ಟುಪಾಡೂ ಇಲ್ಲ. ಅವರ ಹತ್ತಿರ ಆ ಷೇರು ವರ್ಷಗಳಿಂದಲೇ ಇರಬಹುದು, ಬೇಡ ಎಂದು ಬಿಟ್ಟಿರಲೂಬಹುದು. ಕಟ್ಟುಪಾಡು ಇರುವುದು ಇಂಡೆಕ್ಸ್ ಫಂಡ್ ಮತ್ತು ಇಟಿಎಫ್‌ಗಳಿಗೆ. ನಿಫ್ಟಿ 50 ಅಂದರೆ ಐವತ್ತು ದೊಡ್ಡ ಕಂಪನಿಗಳ ಸೂಚ್ಯಂಕ, ಅದರಲ್ಲಿ ಏನಿದೆಯೋ ಅದೇ ಪ್ರಮಾಣದಲ್ಲಿ ಇಟ್ಟುಕೊಳ್ಳುವುದೇ ಅವರ ಕೆಲಸ. ಷೇರು ಒಳ್ಳೆಯದೋ ಕೆಟ್ಟದ್ದೋ ಎಂದು ಅವರು ನೋಡುವುದೇ ಇಲ್ಲ. ಪಿಎಫ್ ಸಂಸ್ಥೆ 2015ರಿಂದ ನಮ್ಮ ದುಡ್ಡಿನ ಒಂದು ಭಾಗವನ್ನು ಇಟಿಎಫ್‌ಗಳಿಗೆ ಹಾಕುತ್ತಿದೆ. ಹಾಗಾಗಿ ಈ ರಾಶಿ ಈಗ ಚಿಕ್ಕದಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ಅಂಕಿಗಳು ಸುಮ್ನೆ ಉದಾಹರಣೆಗೆ, ನಿಜದ್ದು ಅಂದುಕೊಳ್ಳಬೇಡಿ. ನಿಫ್ಟಿಯನ್ನು ಹಿಂಬಾಲಿಸುವ ದುಡ್ಡು 4 ಲಕ್ಷ ಕೋಟಿ ಇದೆ ಎಂದಿಟ್ಟುಕೊಳ್ಳಿ. ಹೊಸ ಷೇರಿನ ಪಾಲು ಶೇ 1. ಅಂದರೆ ಇವರೆಲ್ಲ ಸೇರಿ 4,000 ಕೋಟಿಯಷ್ಟು ಆ ಷೇರನ್ನು ಕೊಳ್ಳಬೇಕು. ದಿನಕ್ಕೆ ಆ ಷೇರಿನ ವಹಿವಾಟು 800 ಕೋಟಿ ಇದ್ದರೆ, ಐದು ದಿನದ ಮಾಲನ್ನು ಒಂದೇ ಮಧ್ಯಾಹ್ನ ಎತ್ತಬೇಕಾಯಿತು.

ಇಲ್ಲಿ ಜಾಸ್ತಿ ಜನ ಮರೆಯುವ ಒಂದು ವಿಷಯವಿದೆ. ನಿಫ್ಟಿ 50ಗೆ ಬರುವ ಷೇರು ಸಾಮಾನ್ಯವಾಗಿ ಅದರ ನಂತರದ ಐವತ್ತು ಕಂಪನಿಗಳ ಸೂಚ್ಯಂಕವಾದ ನಿಫ್ಟಿ ನೆಕ್ಸ್ಟ್ 50ಯಿಂದ ಮೇಲೆ ಬಂದದ್ದು. ಅದು ಮೇಲೆ ಹೋದಾಗ ನೆಕ್ಸ್ಟ್ 50 ಫಂಡ್‌ನವರು ಅದನ್ನು ಮಾರಬೇಕು. ಅಲ್ಲಿ ದುಡ್ಡು ಕಡಿಮೆ, ಆದರೆ ಆ ಷೇರಿನ ಪಾಲು ದೊಡ್ಡದು. ಅಲ್ಲಿ 40,000 ಕೋಟಿ ಇದೆ, ಪಾಲು ಶೇ 4 ಎಂದಿಟ್ಟುಕೊಂಡರೆ 1,600 ಕೋಟಿಯ ಮಾಲು ಅವರಿಂದಲೇ ಬರುತ್ತದೆ. ಉಳಿದದ್ದು 2,400 ಕೋಟಿ. ಐದು ದಿನದ ಮಾಲು ಮೂರು ದಿನದ್ದಾಯಿತು. "ಇಷ್ಟು ಕೋಟಿ ಒಳಗೆ ಬರುತ್ತದೆ" ಎಂದು ಟಿವಿಯವರು ಹೇಳುವಾಗ ಈ ಕಳೆಯುವ ಲೆಕ್ಕ ಹಾಕಿದ್ದಾರಾ ಎಂದು ನೋಡಿ.

ಹೊರಗೆ ಹೋಗುವ ಷೇರಿಗೂ ಇದೇ ಲೆಕ್ಕ ತಿರುವುಮುರುವಾಗಿ ನಡೆಯುತ್ತದೆ. ನಿಫ್ಟಿ ಫಂಡ್‌ನವರು ಮಾರುತ್ತಾರೆ, ಷೇರು ಕೆಳಗಿಳಿದು ನೆಕ್ಸ್ಟ್ 50ಗೆ ಬಂದರೆ ಅಲ್ಲಿಯವರು ಕೊಳ್ಳುತ್ತಾರೆ. 2025ರ ಮಾರ್ಚ್‌ನಲ್ಲಿ ಬ್ರಿಟಾನಿಯಾ ಮತ್ತು ಬಿಪಿಸಿಎಲ್ ಹೊರಗೆ ಹೋದವು, ಜೊಮ್ಯಾಟೊ ಮತ್ತು ಜಿಯೋ ಫೈನಾನ್ಷಿಯಲ್ ಒಳಗೆ ಬಂದವು. ಬ್ರಿಟಾನಿಯಾದ ಬಿಸ್ಕತ್ತು ಅವತ್ತಿನಿಂದ ಮಾರಾಟ ಆಗದೆ ನಿಂತಿತಾ? ಇಲ್ಲವಲ್ಲ. ಬೇರೆಯವು ದೊಡ್ಡದಾಗಿ ಬೆಳೆದವು, ಅಷ್ಟೇ.

ಈಗ ಸಮಯದ ವಿಷಯ. ನಿಮ್ಮ ಪ್ರಶ್ನೆಗೆ ಉತ್ತರ ಮುಖ್ಯವಾಗಿ ಇದರಲ್ಲೇ ಇದೆ.

ನಿಫ್ಟಿ 50ಯನ್ನು ವರ್ಷಕ್ಕೆ ಎರಡು ಸಲ ಪರಿಶೀಲಿಸುತ್ತಾರೆ. ಜನವರಿ ಕೊನೆಗೆ ಮತ್ತು ಜುಲೈ ಕೊನೆಗೆ ಮುಗಿಯುವ ಆರು ತಿಂಗಳ ಸರಾಸರಿ ನೋಡುತ್ತಾರೆ. ಬದಲಾವಣೆ ಮಾರ್ಚ್ ಮತ್ತು ಸೆಪ್ಟೆಂಬರ್ ಕೊನೆಗೆ ಜಾರಿಗೆ ಬರುತ್ತದೆ. ನಾಲ್ಕು ವಾರ ಮೊದಲು ಹೆಸರು ಹೇಳುತ್ತಾರೆ. ನಿಯಮಗಳೆಲ್ಲ ಬಹಿರಂಗ. ಷೇರಿಗೆ ಎಫ್ ಆಂಡ್ ಓ, ಅಂದರೆ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟು ಇರಬೇಕು. ಪ್ರವರ್ತಕರ ಪಾಲು ಬಿಟ್ಟು ಮಾರುಕಟ್ಟೆಯಲ್ಲಿ ಓಡಾಡುವ ಷೇರುಗಳ ಮೌಲ್ಯ ನಿಫ್ಟಿಯ ಅತಿ ಚಿಕ್ಕ ಕಂಪನಿಯದ್ದಕ್ಕಿಂತ ಕನಿಷ್ಠ ಒಂದೂವರೆ ಪಟ್ಟು ಇರಬೇಕು. ಕಂಪ್ಯೂಟರ್ ಇರುವ ಯಾವ ಬ್ರೋಕರ್ ಕಚೇರಿಯಾದರೂ ಡಿಸೆಂಬರ್‌ನಲ್ಲೇ ಕೂತು ಲೆಕ್ಕ ಹಾಕಿ "ಇವೆರಡು ಬರಬಹುದು" ಎಂದು ಗಿರಾಕಿಗಳಿಗೆ ಕಳಿಸುತ್ತದೆ. ಹೆಸರು ಪ್ರಕಟವಾಗುವ ಹೊತ್ತಿಗೆ ಒಂದು ಗುಂಪು ಆಗಲೇ ಕೊಂಡು ಕೂತಿರುತ್ತದೆ.

ಫಂಡ್‌ನವರು ಮಾತ್ರ ಮೊದಲೇ ಕೊಳ್ಳಲು ಹೆದರುತ್ತಾರೆ. ಸೂಚ್ಯಂಕದ ಲೆಕ್ಕಕ್ಕೆ ಷೇರು ಸೇರುವುದು ಹಿಂದಿನ ದಿನದ ಮುಕ್ತಾಯದ ಬೆಲೆಗೆ. ಅವರೂ ಅದೇ ಬೆಲೆಗೆ ಕೊಂಡರೆ ಸೂಚ್ಯಂಕಕ್ಕೂ ಫಂಡಿಗೂ ವ್ಯತ್ಯಾಸ ಬರುವುದಿಲ್ಲ, ಮೇಲಿನವರು ಕೇಳುವುದೂ ಇಲ್ಲ. ಎನ್‌ಎಸ್‌ಇಯಲ್ಲಿ ಇಷ್ಟು ವರ್ಷ ಮುಕ್ತಾಯದ ಬೆಲೆ ಅಂದರೆ ಮಧ್ಯಾಹ್ನ 3ರಿಂದ 3.30ರವರೆಗಿನ ವ್ಯವಹಾರದ ಸರಾಸರಿ. ಹಾಗಾಗಿ ದೊಡ್ಡ ಕೊಳ್ಳುವಿಕೆ ಆ ಅರ್ಧ ಗಂಟೆಯಲ್ಲೇ ಬೀಳುತ್ತದೆ.

ನಮ್ಮ ಎಪಿಎಂಸಿಯಲ್ಲೇ ನೋಡಿ. ದೂರದ ಊರಿನ ವ್ಯಾಪಾರಿ ತನ್ನ ಏಜೆಂಟನಿಗೆ "ಇವತ್ತಿನ ಸರಾಸರಿ ರೇಟಿಗೆ ಸಾವಿರ ಬಾಕ್ಸ್ ಟೊಮೆಟೊ ಹಾಕಿಸು, ಬೆಲೆ ಕೇಳಬೇಡ" ಎಂದು ಹೇಳಿದ್ದು ಮಂಡಿಗೆಲ್ಲ ಗೊತ್ತಾದರೆ ಏನಾಗುತ್ತದೆ? ಬೆಳಿಗ್ಗೆಯೇ ನಾಲ್ಕು ಜನ ಸೇರಿ ಮಾಲು ಎತ್ತಿಟ್ಟು ಅವನಿಗಾಗಿ ಕಾಯುತ್ತಾರೆ. ಅವನು ಕೊಳ್ಳುವ ಹೊತ್ತಿಗೆ ಮಾರುವವರೂ ಬೇಕಾದಷ್ಟು ಇರುತ್ತಾರೆ. ಎತ್ತಿಟ್ಟವರು ಜಾಸ್ತಿಯಾದರೆ ರೇಟು ಬಿದ್ದರೂ ಬಿತ್ತು.

ಷೇರಿನಲ್ಲೂ ಅದೇ ಕಥೆ. ಇನ್ನೊಂದು ಸೂಕ್ಷ್ಮ ಇದೆ. ಜೊಮ್ಯಾಟೊ ಮತ್ತು ಜಿಯೋ ಸೇರಿದ್ದು 2025ರ ಮಾರ್ಚ್ 28ರಿಂದ. ಆದರೆ ಅದಕ್ಕೆ ಬೇಕಾದ ಷೇರು ಕೊಳ್ಳುವ ಹೊತ್ತು 27ರ ಮಧ್ಯಾಹ್ನ. 28ರ ಬೆಳಿಗ್ಗೆ "ಇವತ್ತು ಫಂಡ್‌ನವರು ಬರುತ್ತಾರೆ" ಎಂದು ಕಾದವರಿಗೆ ಸಿಗುವುದು ಖಾಲಿ ಮಂಡಿ.

ಖರ್ಚನ್ನೂ ಸೇರಿಸಿ. ಒಂದು ಲಕ್ಷಕ್ಕೆ ಕೊಂಡು ಶೇ 3 ಲಾಭಕ್ಕೆ ಮಾರಿದಿರಿ ಎಂದುಕೊಳ್ಳಿ. ಕೈಗೆ 3,000. ಡೆಲಿವರಿಯಲ್ಲಿ ವಹಿವಾಟಿನ ತೆರಿಗೆಯಾದ ಎಸ್‌ಟಿಟಿ ಕೊಳ್ಳುವಾಗ ಶೇ 0.1, ಮಾರುವಾಗ ಶೇ 0.1, ಸೇರಿ 200ರ ಮೇಲೆ. ಒಂದು ವರ್ಷದೊಳಗೆ ಮಾರಿದ್ದಕ್ಕೆ ತೆರಿಗೆ ಶೇ 20, ಅದು 600. ಸ್ಟಾಂಪ್, ಡಿಪಿ ಚಾರ್ಜ್, ಬ್ರೋಕರೇಜ್ ಕಳೆದರೆ 2,100ರ ಹತ್ತಿರ ನಿಲ್ಲುತ್ತದೆ. ಅದೇ ಶೇ 3 ಇಳಿದರೆ 3,000ದ ನಷ್ಟ ಪೂರ್ತಿ ನಿಮ್ಮದೇ, ಜೊತೆಗೆ ಎಸ್‌ಟಿಟಿ ಬೇರೆ.

ಬಂಗಾರಪೇಟೆಯ ಮೇಡಂ ಟೆಸ್ಲಾ ಉದಾಹರಣೆ ಕೊಟ್ಟಿದ್ದಾರೆ. ಅದು ಸರಿಯಾದ ಉದಾಹರಣೆಯೇ. 2020ರ ನವೆಂಬರ್‌ನಲ್ಲಿ ಅಮೆರಿಕದ ಎಸ್ ಆಂಡ್ ಪಿ 500 ಸೂಚ್ಯಂಕಕ್ಕೆ ಸೇರುತ್ತದೆ ಎಂದು ಹೇಳಿದ ಮೇಲೆ ಡಿಸೆಂಬರ್‌ನಲ್ಲಿ ಸೇರುವವರೆಗೆ ಸುಮಾರು ಶೇ 70 ಏರಿತು. ಆದರೆ ಅಷ್ಟು ದೊಡ್ಡ ಕಂಪನಿಯನ್ನು ಒಂದೇ ಸಲಕ್ಕೆ ಸೇರಿಸಿದ್ದು ಅಪರೂಪ, ಮತ್ತು ಆ ವರ್ಷ ಟೆಸ್ಲಾ ಹೇಗೂ ಓಡುತ್ತಿತ್ತು. ಸೇರ್ಪಡೆಯಿಂದ ಎಷ್ಟು, ಹುಚ್ಚಿನಿಂದ ಎಷ್ಟು ಎಂದು ಬಿಡಿಸಿ ಹೇಳಲು ಆಗುವುದಿಲ್ಲ. ಒಟ್ಟು ಸರಾಸರಿ ನೋಡಿದವರ ಪ್ರಕಾರ ಅಮೆರಿಕದಲ್ಲಿ 1990ರ ದಶಕದಲ್ಲಿ ಸೇರ್ಪಡೆಯ ಏರಿಕೆ ಶೇ 7ರ ಆಸುಪಾಸು ಇತ್ತು, 2010ರ ನಂತರ ಶೇ 1ಕ್ಕಿಂತ ಕೆಳಗೆ ಬಂದಿದೆ. ಇಂಡೆಕ್ಸ್ ಫಂಡ್‌ಗಳು ಇಷ್ಟೆಲ್ಲ ಬೆಳೆದರೂ ಏರಿಕೆ ಕರಗಿದೆ ನೋಡಿ, ಕಾದು ಕೂತವರು ಅದಕ್ಕಿಂತ ಜಾಸ್ತಿ ಬೆಳೆದಿದ್ದಾರೆ ಎಂದು ನನ್ನ ಅಂದಾಜು. ಏರಿದ್ದು ಉಳಿಯುತ್ತದಾ, ಎರಡು ವಾರದಲ್ಲಿ ಇಳಿಯುತ್ತದಾ ಎಂಬ ಜಗಳ 1986ರಿಂದ ನಡೆಯುತ್ತಿದೆ, ಇನ್ನೂ ಮುಗಿದಿಲ್ಲ.

ಒತ್ತಾಯದ ಮಾರಾಟ ನಿಜವಾಗಿ ಹೇಗಿರುತ್ತದೆ ಎಂದು ನೋಡಬೇಕಾದರೆ ಜಿಯೋ ಫೈನಾನ್ಷಿಯಲ್‌ನ ಹಳೆಯ ಕಥೆ ಓದಿ. 2023ರ ಜುಲೈ 20ರಂದು ಅದು ರಿಲಯನ್ಸ್‌ನಿಂದ ಬೇರೆಯಾಯಿತು. ಹಿಂದಿನ ದಿನ ಎನ್‌ಎಸ್‌ಇಯಲ್ಲಿ ರಿಲಯನ್ಸ್ 2,841.85ಕ್ಕೆ ಮುಗಿದಿತ್ತು. ಅವತ್ತು ಬೆಳಿಗ್ಗೆ ವಿಶೇಷ ವ್ಯವಹಾರದಲ್ಲಿ 2,580 ಬೆಲೆ ಸಿಕ್ಕಿತು. ಮಧ್ಯದ 261.85 ಜಿಯೋದ ಬೆಲೆ ಎಂದಾಯಿತು. ಒಂದು ತಿಂಗಳು ಅದು ವ್ಯವಹಾರವೇ ಇಲ್ಲದೆ, ಅದೇ ಬೆಲೆಯಲ್ಲಿ ನಿಫ್ಟಿಯೊಳಗೆ 51ನೇ ಷೇರಾಗಿ ಕೂತಿತ್ತು. ಆಗಸ್ಟ್ 21ಕ್ಕೆ ಪೇಟೆಗೆ ಬಂತು. ಮೂರು ದಿನ ವ್ಯವಹಾರ ಆದ ಮೇಲೆ ತೆಗೆಯುತ್ತೇವೆ ಎಂಬುದು ನಿಯಮ. ಅಂದರೆ ಎಲ್ಲ ಇಂಡೆಕ್ಸ್ ಫಂಡ್‌ಗಳೂ ಮಾರಲೇಬೇಕು, ಯಾವಾಗ ಎನ್ನುವುದೂ ಎಲ್ಲರಿಗೂ ಗೊತ್ತು. ದಿನಕ್ಕೆ ಶೇ 5ರ ಮಿತಿ ಇತ್ತು. ಮೊದಲ ನಾಲ್ಕು ದಿನ ಲೋವರ್ ಸರ್ಕ್ಯೂಟ್, ಅಂದರೆ ಬೆಲೆ ಆ ಮಿತಿಯ ತಳ ಮುಟ್ಟಿತು. ಮಾರುವವರ ಸಾಲು ಉದ್ದ, ಕೊಳ್ಳುವವರ ಕಡೆ ಸೊನ್ನೆ. ಕಡಿಮೆ ಬೆಲೆಗೆ ಸಿಗುವುದು ಖಚಿತ ಎಂದಮೇಲೆ ಇವತ್ತು ಯಾರು ಕೊಳ್ಳುತ್ತಾರೆ? ಸರ್ಕ್ಯೂಟ್ ಬಿದ್ದರೆ ತೆಗೆಯುವುದನ್ನು ಮುಂದೂಡಬೇಕು ಎಂದೂ ನಿಯಮ ಇತ್ತು, ಹಾಗಾಗಿ ದಿನಾಂಕ ಮತ್ತೆ ಮತ್ತೆ ಮುಂದೆ ಹೋಯಿತು. ಕೊನೆಗೆ ಹೊರಬಿದ್ದದ್ದು ಸೆಪ್ಟೆಂಬರ್‌ನಲ್ಲಿ. ಆ ವಾರಗಳಲ್ಲಿ ಕಂಪನಿಯ ವ್ಯವಹಾರದಲ್ಲಿ ಹೆಚ್ಚುಕಮ್ಮಿ ಏನೂ ಬದಲಾಗಿರಲಿಲ್ಲ. ಅದೇ ಷೇರು 2025ರಲ್ಲಿ ಮುಂಬಾಗಿಲಿನಿಂದ ನಿಫ್ಟಿಗೆ ಬಂತು.

ಎಲ್ಲ ಬೀಳುವಿಕೆಯೂ ಹೀಗಲ್ಲ, ಎಚ್ಚರ. 2020ರ ಮಾರ್ಚ್‌ನಲ್ಲಿ ಯೆಸ್ ಬ್ಯಾಂಕ್ ನಿಫ್ಟಿಯಿಂದ ಹೋಯಿತು. ಅದು ಬಿದ್ದದ್ದಕ್ಕೆ ತೆಗೆದರು, ತೆಗೆದದ್ದಕ್ಕೆ ಬಿದ್ದದ್ದಲ್ಲ. ಬ್ಯಾಂಕೇ ಕಷ್ಟದಲ್ಲಿತ್ತು.

ಕೆಜಿಎಫ್‌ನ ಅಣ್ಣ ಕೇಳಿದ್ದಾರೆ, "ನನ್ನ ಷೇರು ನಿಫ್ಟಿಯಿಂದ ತೆಗೆದರು, ಡಿಮ್ಯಾಟ್‌ನಿಂದಲೂ ಹೋಗುತ್ತಾ?" ಇಲ್ಲ ಅಣ್ಣ. ಡಿಲಿಸ್ಟ್ ಆಗುವುದು ಬೇರೆ ವಿಷಯ. ಷೇರು ಎಂದಿನಂತೆ ವ್ಯವಹಾರ ಆಗುತ್ತದೆ, ಡಿವಿಡೆಂಡ್ ಬಂದರೆ ಬರುತ್ತದೆ. ಹೊರಗೆ ಹಾಕಿದರು ಎಂಬ ಒಂದೇ ಕಾರಣಕ್ಕೆ ಗಾಬರಿಯಾಗಿ ಮಾರಬೇಡಿ. ಮಾರಲೇಬೇಕು ಎಂದಿದ್ದರೂ ಆ ಕೊನೆಯ ಅರ್ಧ ಗಂಟೆಯಲ್ಲಿ ಫಂಡ್‌ನವರ ಸಾಲಿನಲ್ಲಿ ನಿಲ್ಲಬೇಡಿ.

ಶ್ರೀನಿವಾಸಪುರದವರೇ, ದುಡ್ಡು ಹಾಕುವ ಮೊದಲು ಒಂದು ಸಲ ಸುಮ್ನೆ ನೋಡಿ. ಪ್ರಕಟಣೆ niftyindices.com ನಲ್ಲಿ ಬರುತ್ತದೆ. ಸೇರುವ ಷೇರಿನ ಮೂರು ತಿಂಗಳ ಚಾರ್ಟ್ ಅನ್ನು ನಿಫ್ಟಿಯ ಪಕ್ಕದಲ್ಲಿ ಇಟ್ಟು ನೋಡಿ. ಪ್ರಕಟಣೆಗೆ ಮೊದಲೇ ನಿಫ್ಟಿಗಿಂತ ಸಾಕಷ್ಟು ಮುಂದೆ ಓಡಿದ್ದರೆ ನಿಮ್ಮ ಲಾಭ ಬೇರೆಯವರ ಜೇಬಿಗೆ ಹೋಗಿದೆ. ಜಾರಿಯ ಹಿಂದಿನ ದಿನ 3 ಗಂಟೆಗೆ ಐದು ನಿಮಿಷದ ಚಾರ್ಟ್ ತೆರೆದಿಡಿ, ಕೆಳಗಿನ ವಾಲ್ಯೂಮ್ ಕಡ್ಡಿಗಳು ಎಷ್ಟೆತ್ತರ ಏಳುತ್ತವೆ, ಬೆಲೆ ಅದರ ಜೊತೆ ಏಳುತ್ತದಾ ಇಲ್ಲವಾ ಗಮನಿಸಿ. ಸ್ಕ್ರೀನ್‌ಶಾಟ್ ಇಲ್ಲೇ ಹಾಕಿ, ಮಾಲೂರಿನ ಅಣ್ಣನಿಗೂ ತೋರಿಸೋಣ.