ಪ್ಯಾಪ್ ಸ್ಮಿಯರ್: ಟೇಬಲ್ ಮೇಲೆ ಏನಾಗುತ್ತದೆ, ಸ್ಲೈಡ್‌ನಲ್ಲಿ ಏನು ಕಾಣುತ್ತದೆ

"ನನಗೆ 37 ವರ್ಷ. ಲೇಡಿ ಡಾಕ್ಟರ್ ಪ್ಯಾಪ್ ಸ್ಮಿಯರ್ ಮಾಡಿಸಿಕೊಳ್ಳಿ ಅಂದಿದ್ದಾರೆ. ತುಂಬಾ ನೋವಾಗುತ್ತಾ? ಹೋಗೋ ಮುಂಚೆ ಏನು ಮಾಡಬೇಕು? ರಿಪೋರ್ಟ್‌ನಲ್ಲಿ ಏನಾದರೂ ಬಂದರೆ ಕ್ಯಾನ್ಸರ್ ಅಂತಲೇನಾ?"

ನಾನು ಮೈಸೂರಿನ ಒಂದು ಪ್ಯಾಥಾಲಜಿ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಪ್ಯಾಪ್ ಸ್ಲೈಡ್‌ಗಳಿಗೆ ಬಣ್ಣ ಹಾಕಿ, ಡಾಕ್ಟರ್ ನೋಡುವುದಕ್ಕೆ ಮುಂಚೆ ಒಂದು ಸುತ್ತು ನೋಡಿ ಗುರುತು ಹಾಕುವುದು ನನ್ನ ಕೆಲಸ. ನಾನೂ ಆ ಟೇಬಲ್ ಮೇಲೆ ಮಲಗಿ ಬಂದವಳೇ. ಹಾಗಾಗಿ ಎರಡೂ ಕಡೆಯಿಂದ ಹೇಳಬಲ್ಲೆ. ಪ್ಯಾಪ್ ಅಂದರೆ ಗರ್ಭಕೋಶದ ಬಾಯಿಯಿಂದ ಒಂದಷ್ಟು ಜೀವಕೋಶ ತೆಗೆದು, ಕ್ಯಾನ್ಸರ್ ಅಥವಾ ಅದರ ಮುಂಚಿನ ಬದಲಾವಣೆ ಇದೆಯೇ ಎಂದು ನೋಡುವ ಪರೀಕ್ಷೆ.

ಮೊದಲು ತಯಾರಿ. ಇಲ್ಲಿ ಮುಖ್ಯವಾದದ್ದು ತಾರೀಖು. ಮುಟ್ಟು ಶುರುವಾದ ದಿನದಿಂದ ಎಣಿಸಿ 10ರಿಂದ 20ನೇ ದಿನದ ಒಳಗೆ ಹೋಗಿ. ಸ್ಲೈಡ್ ತುಂಬಾ ರಕ್ತ ಇದ್ದರೆ ನಮಗೆ ಕೆಂಪು ಕಣಗಳೇ ಕಾಣುತ್ತವೆ, ನೋಡಬೇಕಾದ ಜೀವಕೋಶಗಳು ಅದರ ಅಡಿಯಲ್ಲಿ ಮುಚ್ಚಿಹೋಗುತ್ತವೆ. ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಹೀಗೆ ಮುಚ್ಚಿಹೋದರೆ ‘ಅನ್‌ಸ್ಯಾಟಿಸ್‌ಫ್ಯಾಕ್ಟರಿ’ ಎಂದು ಬರೆದು ವಾಪಸ್ ಕಳಿಸಬೇಕಾಗುತ್ತದೆ. ಹಾಗೆ ಬಂದರೆ ಕಾಯಿಲೆ ಇದೆ ಎಂದಲ್ಲ, ಓದಲು ಆಗಲಿಲ್ಲ ಎಂದಷ್ಟೇ. ಎರಡರಿಂದ ನಾಲ್ಕು ತಿಂಗಳಲ್ಲಿ ಮತ್ತೊಮ್ಮೆ ತೆಗೆಸಬೇಕು, ಆ ಕಿರಿಕಿರಿ ಯಾಕೆ ಬೇಕು ಅಲ್ವಾ?

ಅದೇ ಕಾರಣಕ್ಕೆ ಪರೀಕ್ಷೆಗೆ ಮುಂಚಿನ ಎರಡು ದಿನ ಯೋನಿಯೊಳಗೆ ಇಡುವ ಮಾತ್ರೆ, ಕ್ರೀಮ್, ಜೆಲ್ ಬೇಡ. ಸಂಭೋಗವೂ ಬೇಡ. ಒಳಗೆ ನೀರು ಬಿಟ್ಟು ತೊಳೆಯುವುದಂತೂ ಬೇಡವೇ ಬೇಡ. ‘ಡಾಕ್ಟರ್ ನೋಡ್ತಾರೆ, ಕ್ಲೀನ್ ಇರಲಿ’ ಎಂದು ಬೆಳಿಗ್ಗೆಯೇ ತೊಳೆದುಕೊಂಡು ಬರುವವರು ಬಹಳ. ನಮಗೆ ಬೇಕಾದ ಜೀವಕೋಶಗಳೇ ಅದರ ಜೊತೆ ಹೋಗಿಬಿಡುತ್ತವೆ. ಹೊರಗಡೆ ಮಾಮೂಲಿ ಸ್ನಾನ ಸಾಕು. ಕೂದಲು ತೆಗೆಯುವ ಅಗತ್ಯ ಇಲ್ಲ. ಖಾಲಿ ಹೊಟ್ಟೆಯಲ್ಲೂ ಹೋಗಬೇಕಿಲ್ಲ, ತಿಂಡಿ ತಿಂದೇ ಹೋಗಿ. ಒಳಗೆ ಕರೆಯುವ ಮುಂಚೆ ಮೂತ್ರಕ್ಕೆ ಹೋಗಿ ಬನ್ನಿ. ಮೂತ್ರಕೋಶ ತುಂಬಿದ್ದರೆ ಒತ್ತಿದ ಹಾಗಾಗಿ ಸುಮ್ನೆ ಹಿಂಸೆ. ಬಟ್ಟೆ ವಿಷಯಕ್ಕೆ ಸೀರೆ ಅಥವಾ ಉದ್ದನೆಯ ಕುರ್ತಾ ವಾಸಿ. ಕೆಳಗಿನದ್ದು ಮಾತ್ರ ತೆಗೆದರೆ ಸಾಕು, ಮೇಲಿನದ್ದು ಮೈಮೇಲೆಯೇ ಇರುತ್ತದೆ.

ಡಾಕ್ಟರ್ ಕೊನೆಯ ಮುಟ್ಟಿನ ತಾರೀಖು, ಹೆರಿಗೆ, ಗರ್ಭನಿರೋಧಕ, ಹಿಂದಿನ ಪ್ಯಾಪ್, ಇವೆಲ್ಲ ಕೇಳುತ್ತಾರೆ. ‘ಮದುವೆ ಆಗಿದೆಯಾ’ ಎಂದು ಕೇಳಿದರೆ ಅವರಿಗೆ ಬೇಕಾಗಿರುವುದು ಲೈಂಗಿಕ ಸಂಪರ್ಕ ಆಗಿದೆಯೇ ಎನ್ನುವುದು. ಮದುವೆ ಆಗದಿದ್ದರೂ ಸಂಪರ್ಕ ಇದ್ದರೆ ಹೇಳಿಬಿಡಿ. ನೇರವಾಗಿ ಕೇಳಲು ನಮ್ಮಲ್ಲಿ ಡಾಕ್ಟರಿಗೂ ಸಂಕೋಚ.

ಇನ್ನು ಟೇಬಲ್. ಬೆನ್ನ ಮೇಲೆ ಮಲಗಿ, ಮಂಡಿ ಮಡಚಿ, ಕಾಲು ಅಗಲಿಸಬೇಕು. ಸೊಂಟದ ಮೇಲೆ ಬಟ್ಟೆ ಹೊದಿಸುತ್ತಾರೆ. ‘ಇನ್ನೂ ಕೆಳಗೆ ಬನ್ನಿ, ಇನ್ನೂ ಕೆಳಗೆ’ ಎಂದು ಸಿಸ್ಟರ್ ಹೇಳುತ್ತಲೇ ಇರುತ್ತಾರೆ. ಕುಂಡಿ ಟೇಬಲ್ ಅಂಚಿಗೆ ಬರುವವರೆಗೂ ಜರುಗಬೇಕು, ಇಲ್ಲದಿದ್ದರೆ ಗರ್ಭಕೋಶದ ಬಾಯಿ ಸರಿಯಾಗಿ ಕಾಣುವುದಿಲ್ಲ. ನಂತರ ಸ್ಪೆಕ್ಯುಲಮ್ ಹಾಕುತ್ತಾರೆ. ಬಾತುಕೋಳಿಯ ಕೊಕ್ಕಿನ ಹಾಗೆ ಎರಡು ಹಲಗೆ ಇರುವ ಸಾಧನ ಅದು. ಮುಚ್ಚಿಕೊಂಡೇ ಒಳಗೆ ಹೋಗಿ, ಆಮೇಲೆ ಮೆಲ್ಲಗೆ ತೆರೆದುಕೊಳ್ಳುತ್ತದೆ. ಸ್ಟೀಲಿನದ್ದಾದರೆ ತಣ್ಣಗಿರುತ್ತದೆ. ಸ್ಕ್ರೂ ತಿರುಗಿಸುವಾಗ, ಪ್ಲಾಸ್ಟಿಕ್ಕಿನದ್ದಾದರೆ ಲಾಕ್ ಆಗುವಾಗ, ಕಟ್ ಎಂಬ ಸದ್ದು ಬರುತ್ತದೆ. ಆ ಸದ್ದಿಗೇ ಮೈ ಬಿಗಿಯಾಗುತ್ತದೆ, ಏನೂ ಮುರಿದಿಲ್ಲ.

ಈ ಹಂತದಲ್ಲಿ ಅನಿಸುವುದು ಒತ್ತಡ, ಒಳಗಿನಿಂದ ಅಗಲಿಸಿದ ಹಾಗೆ. ಚುಚ್ಚಿದ ಹಾಗೆ, ಹರಿದ ಹಾಗೆ ನೋವಾದರೆ ಸಹಿಸಿಕೊಂಡು ಮಲಗಬೇಡಿ, ‘ನಿಲ್ಲಿಸಿ’ ಅನ್ನಿ. ಸ್ಪೆಕ್ಯುಲಮ್‌ನಲ್ಲಿ ಸಣ್ಣ ಸೈಜ್ ಇರುತ್ತದೆ, ಬದಲಾಯಿಸಬಹುದು. ಉಸಿರು ಬಿಗಿ ಹಿಡಿದರೆ ಕೆಳಗಿನ ಸ್ನಾಯುವೂ ಬಿಗಿಯಾಗುತ್ತದೆ. ಬಾಯಿ ತೆರೆದು ನಿಧಾನಕ್ಕೆ ಉಸಿರು ಬಿಡುತ್ತಾ ಇದ್ದರೆ ನಿಜವಾಗಿಯೂ ವ್ಯತ್ಯಾಸ ಗೊತ್ತಾಗುತ್ತದೆ.

ಆಮೇಲೆ ಮರದ ಅಥವಾ ಪ್ಲಾಸ್ಟಿಕ್ಕಿನ ಚಪ್ಪಟೆ ಕಡ್ಡಿಯನ್ನು ಗರ್ಭಕೋಶದ ಬಾಯಿಯ ಸುತ್ತ ಒಂದು ಸುತ್ತು ತಿರುಗಿಸುತ್ತಾರೆ. ಕೆಲವರು ಸಣ್ಣ ಬ್ರಷ್ ಬಳಸುತ್ತಾರೆ. ಹೊರಗಿನ ಚಪ್ಪಟೆ ಕೋಶಗಳೂ ಒಳಗಿನ ಉದ್ದನೆಯ ಕೋಶಗಳೂ ಸಂಧಿಸುವ ಒಂದು ಗಡಿ ಅಲ್ಲಿದೆ. ತೊಂದರೆ ಶುರುವಾಗುವುದು ಹೆಚ್ಚಾಗಿ ಆ ಗಡಿಯ ಸುತ್ತಮುತ್ತಲೇ, ಅದಕ್ಕೇ ಅಲ್ಲಿಂದ ತೆಗೆಯುತ್ತಾರೆ. ಬ್ರಷ್ ತಿರುಗುವಾಗ ಕಿಬ್ಬೊಟ್ಟೆಯಲ್ಲಿ ಮುಟ್ಟಿನ ನೋವು ಒಂದು ಕ್ಷಣ ಬಂದು ಹೋದ ಹಾಗಾಗುತ್ತದೆ. ಕೆಲವರಿಗೆ ಅದೂ ಗೊತ್ತಾಗುವುದಿಲ್ಲ. ಕೆಲವೇ ನಿಮಿಷದ ಕೆಲಸ. ನನ್ನನ್ನು ಕೇಳಿದರೆ ನೋವಿಗಿಂತ ಮುಜುಗರವೇ ಜಾಸ್ತಿ. ಆಮೇಲೆ ಒಂದೆರಡು ದಿನ ಚೂರು ರಕ್ತದ ಕಲೆ ಕಾಣಬಹುದು, ಒಂದು ಪ್ಯಾಡ್ ಇಟ್ಟುಕೊಂಡು ಹೋಗಿ. ರಕ್ತ ಜೋರಾಗಿ ಹೋದರೆ, ಜ್ವರ ಬಂದರೆ ಮಾತ್ರ ಡಾಕ್ಟರಿಗೆ ಫೋನ್ ಮಾಡಿ. ಮುಟ್ಟು ನಿಂತವರಿಗೆ ಒಳಗೆ ಒಣಗಿರುವುದರಿಂದ ನೋವು ಸ್ವಲ್ಪ ಹೆಚ್ಚು. ನಿಮ್ಮ ಅಮ್ಮನನ್ನೂ ಕರೆದುಕೊಂಡು ಹೋಗುವುದಾದರೆ ಮೊದಲೇ ಹೇಳಿ. ಅಂಥವರಿಗೆ ಕೆಲವೊಮ್ಮೆ ಈಸ್ಟ್ರೋಜನ್ ಕ್ರೀಮ್ ಕೊಟ್ಟು ಕೆಲವು ವಾರದ ನಂತರ ಬರಲು ಹೇಳುತ್ತಾರೆ.

ಕಡ್ಡಿಯಲ್ಲಿ ಬಂದದ್ದನ್ನು ಗಾಜಿನ ಸ್ಲೈಡ್ ಮೇಲೆ ಸವರಿ ತಕ್ಷಣ ಆಲ್ಕೋಹಾಲ್‌ನಲ್ಲಿ ಮುಳುಗಿಸಬೇಕು. ಫೋನ್ ಬಂತೆಂದು ಸ್ವಲ್ಪ ಹೊತ್ತು ಹಾಗೇ ಬಿಟ್ಟರೂ ಕೋಶಗಳು ಒಣಗಿ ಊದಿಕೊಳ್ಳುತ್ತವೆ, ಸರಿಯಾದ ಕೋಶವೂ ಅನುಮಾನ ಹುಟ್ಟಿಸುತ್ತದೆ. ಈಗ ಅನೇಕ ಕಡೆ ಬ್ರಷ್ಷನ್ನು ದ್ರವ ತುಂಬಿದ ಸಣ್ಣ ಬಾಟಲಿಗೆ ಅದ್ದಿ ಕಳಿಸುತ್ತಾರೆ. ಖರ್ಚು ಜಾಸ್ತಿ, ಆದರೆ ಒಣಗುವ ತಾಪತ್ರಯ ಇಲ್ಲ. ಅದೇ ಬಾಟಲಿಯಿಂದ, ಈ ಕ್ಯಾನ್ಸರಿಗೆ ಮುಖ್ಯ ಕಾರಣವಾದ ವೈರಸ್ ಹುಡುಕುವ ಎಚ್‌ಪಿವಿ ಪರೀಕ್ಷೆಯನ್ನೂ ಮಾಡಬಹುದು. ಇದರ ಉಪಯೋಗ ಮುಂದೆ ಹೇಳುತ್ತೇನೆ.

ರಿಪೋರ್ಟ್ ಬರಲು ಲ್ಯಾಬ್ ನೋಡಿಕೊಂಡು ಕೆಲವು ದಿನದಿಂದ ಒಂದೆರಡು ವಾರ. ಅದರಲ್ಲಿ ನೀವು ಮೊದಲು ಹುಡುಕಬೇಕಾದದ್ದು ‘ಎನ್.ಐ.ಎಲ್.ಎಂ.’ ಅಥವಾ ‘ನೆಗೆಟಿವ್’ ಎಂಬ ಸಾಲು. ಕ್ಯಾನ್ಸರ್ ಆಗಲಿ, ಅದರ ಮುಂಚಿನ ಬದಲಾವಣೆಯಾಗಲಿ ಸ್ಲೈಡ್‌ನಲ್ಲಿ ಕಾಣಲಿಲ್ಲ ಎಂದು ಅರ್ಥ. ಅದರ ಕೆಳಗೇ ‘ಇನ್‌ಫ್ಲಮೇಟರಿ’ ಎಂದು ಇರಬಹುದು. ಎಷ್ಟೋ ಜನ ಈ ಪದ ನೋಡಿಯೇ ನಿದ್ದೆ ಕೆಡಿಸಿಕೊಳ್ಳುತ್ತಾರೆ. ಸ್ಲೈಡ್‌ನಲ್ಲಿ ಬಿಳಿ ರಕ್ತಕಣಗಳು ಜಾಸ್ತಿ ಕಂಡವು, ಅಷ್ಟೇ. ಬಿಳಿ ಹೋಗುವುದು, ತುರಿಕೆ, ವಾಸನೆ ಏನೂ ಇಲ್ಲದಿದ್ದರೆ ಆ ಒಂದು ಪದಕ್ಕಾಗಿ ಸಾಮಾನ್ಯವಾಗಿ ಔಷಧಿ ಬೇಕಿಲ್ಲ. ಆದರೆ ‘ಟ್ರೈಕೊಮೊನಾಸ್’ ಎಂದಿದ್ದರೆ ಅದು ಸಂಭೋಗದಿಂದ ಹರಡುವ ಸೋಂಕು, ಗಂಡನಿಗೂ ನಿಮಗೂ ಒಟ್ಟಿಗೇ ಮಾತ್ರೆ ಬೇಕು. ‘ಮೆಟಾಪ್ಲಾಸಿಯಾ’ ಎಂಬ ಪದ ಹೆದರಿಸುತ್ತದೆ, ಅದು ಆ ಗಡಿಯಲ್ಲಿ ಸಹಜವಾಗಿ ನಡೆಯುವ ಬದಲಾವಣೆ.

ನಮ್ಮ ಅತ್ತಿಗೆಯ ರಿಪೋರ್ಟ್ ಬಗ್ಗೆ ಹೇಳುತ್ತೇನೆ, ಅವರೇ ಹೇಳು ಅಂದಿದ್ದಾರೆ. 39 ವರ್ಷ, ತೊಂದರೆ ಏನೂ ಇರಲಿಲ್ಲ. ರಿಪೋರ್ಟ್‌ನಲ್ಲಿ ‘ಎ.ಎಸ್.ಸಿ.-ಯು.ಎಸ್.’ ಎಂದು ಬಂತು. ಫೋನ್ ಮಾಡಿ ಮೊದಲು ಕೇಳಿದ್ದೇ ‘ಎಷ್ಟನೇ ಸ್ಟೇಜು?’ ಸ್ಟೇಜ್ ಮಾತೇ ಅಲ್ಲಿ ಬರುವುದಿಲ್ಲ. ಕೋಶದ ನಡುವಿನ ಕೇಂದ್ರ ಮಾಮೂಲಿಗಿಂತ ಎರಡೂವರೆ, ಮೂರು ಪಟ್ಟು ದೊಡ್ಡದಾಗಿ ಕಂಡಿದೆ, ಆದರೆ ವೈರಸ್ಸಿನಿಂದಲೋ ಬರೀ ಉರಿಯೂತದಿಂದಲೋ ಖಚಿತವಾಗಿ ಹೇಳಲು ಆಗುತ್ತಿಲ್ಲ ಎಂದು ಅದರ ಅರ್ಥ. ಅವರ ಮಾದರಿ ಬಾಟಲಿಯಲ್ಲಿ ಬಂದಿದ್ದರಿಂದ ಇನ್ನೊಮ್ಮೆ ಟೇಬಲ್ ಹತ್ತುವ ಗೋಜಿರಲಿಲ್ಲ, ಉಳಿದ ದ್ರವದಲ್ಲೇ ಎಚ್‌ಪಿವಿ ಪರೀಕ್ಷೆ ಆಯಿತು. ನೆಗೆಟಿವ್ ಬಂತು. ಡಾಕ್ಟರ್ ಮೂರು ವರ್ಷ ಬಿಟ್ಟು ಬರಲು ಹೇಳಿ ಕಳಿಸಿದರು.

ಪಾಸಿಟಿವ್ ಬಂದಿದ್ದರೆ? ಕಾಲ್ಪೊಸ್ಕೋಪಿ. ಮತ್ತೆ ಅದೇ ಸ್ಪೆಕ್ಯುಲಮ್, ಆದರೆ ಈ ಸಲ ದೊಡ್ಡದು ಮಾಡಿ ತೋರಿಸುವ ಯಂತ್ರದಲ್ಲಿ ನೋಡುತ್ತಾರೆ. ಅಸಿಟಿಕ್ ಆಮ್ಲ ಸವರುತ್ತಾರೆ, ವಿನೆಗರ್‌ನಲ್ಲಿ ಇರುವುದೂ ಅದೇ. ಅಸಹಜ ಜಾಗ ಬೆಳ್ಳಗಾಗುತ್ತದೆ. ಅನುಮಾನ ಇದ್ದ ಕಡೆಯಿಂದ ಅಕ್ಕಿ ಕಾಳಿನಷ್ಟು ಚೂರು ಬಯಾಪ್ಸಿಗೆ ತೆಗೆಯುತ್ತಾರೆ. ‘ಎಲ್.ಎಸ್.ಐ.ಎಲ್.’, ಅಂದರೆ ಕೋಶಗಳಲ್ಲಿ ಸಣ್ಣ ಮಟ್ಟದ ಬದಲಾವಣೆ, ಬಂದರೂ ಹೆಚ್ಚಾಗಿ ಇದೇ ದಾರಿ. ಅದರಲ್ಲಿ ಬಹುಪಾಲು ತಾನಾಗಿಯೇ ಸರಿಹೋಗುತ್ತದೆ. ‘ಎಚ್.ಎಸ್.ಐ.ಎಲ್.’ ಬಂದರೆ ಮಾತ್ರ ತಡಮಾಡಬೇಡಿ. ಹಾಗೆ ಬಂದರೂ ಕ್ಯಾನ್ಸರ್ ಆಗಿದೆ ಎಂದಲ್ಲ, ಬಿಟ್ಟರೆ ಮುಂದೆ ಆಗಬಹುದಾದ ಬದಲಾವಣೆ. ಆ ಭಾಗವನ್ನಷ್ಟೇ ತೆಗೆದುಹಾಕುವ ಚಿಕಿತ್ಸೆ ಇದೆ, ಗರ್ಭಕೋಶ ತೆಗೆಯಲೇಬೇಕು ಎಂದೇನಿಲ್ಲ. ಯಾರಾದರೂ ಪ್ಯಾಪ್ ರಿಪೋರ್ಟ್ ಒಂದನ್ನೇ ಹಿಡಿದುಕೊಂಡು ನೇರವಾಗಿ ಗರ್ಭಕೋಶದ ಆಪರೇಷನ್ ಅಂದರೆ, ಕಾಲ್ಪೊಸ್ಕೋಪಿ ಎಲ್ಲಿ, ಬಯಾಪ್ಸಿ ಎಲ್ಲಿ ಎಂದು ಕೇಳಿ, ಇನ್ನೊಬ್ಬ ಡಾಕ್ಟರಿಗೂ ತೋರಿಸಿ.

ಎಚ್‌ಪಿವಿ ಪಾಸಿಟಿವ್ ಬಂದ ಮನೆಗಳಲ್ಲಿ ಜಗಳ ಆಗುವುದನ್ನು ಕೇಳಿದ್ದೇನೆ, ‘ಯಾರಿಂದ ಬಂತು’ ಎಂದು. ಆ ಪರೀಕ್ಷೆಯಿಂದ ಅದು ತಿಳಿಯುವುದಿಲ್ಲ. ಈ ವೈರಸ್ ವರ್ಷಗಟ್ಟಲೆ ಸುಳಿವೇ ಕೊಡದೆ ಇರಬಹುದು. ಬಹಳ ಜನರಿಗೆ ಒಮ್ಮೆ ಬಂದು, ಒಂದೆರಡು ವರ್ಷದಲ್ಲಿ ತಾನೇ ಹೋಗಿರುತ್ತದೆ. ಹೋಗದೆ ಉಳಿದುಕೊಂಡಾಗ, ಅದರಲ್ಲೂ 16 ಮತ್ತು 18 ಎಂಬ ನಮೂನೆಗಳು ಉಳಿದಾಗ, ನಿಗಾ ಬೇಕು.

ಒಂದು ಮಿತಿ ಹೇಳಲೇಬೇಕು. ಒಂದೇ ಪ್ಯಾಪ್‌ನಲ್ಲಿ ಎಲ್ಲವೂ ಸಿಗುವುದಿಲ್ಲ. ಕಡ್ಡಿ ಆ ಜಾಗಕ್ಕೆ ತಾಗದೆಯೂ ಹೋಗಬಹುದು, ನಮ್ಮ ಕಣ್ಣೂ ತಪ್ಪಬಹುದು. ಅದಕ್ಕೇ ಬರೀ ಪ್ಯಾಪ್ ಆದರೆ ಮೂರು ವರ್ಷಕ್ಕೊಮ್ಮೆ, ಎಚ್‌ಪಿವಿ ಆದರೆ ಐದು ವರ್ಷಕ್ಕೊಮ್ಮೆ ಎನ್ನುತ್ತಾರೆ. ಸಂಭೋಗದ ನಂತರ ರಕ್ತ ಕಾಣುವುದು, ಮುಟ್ಟು ನಿಂತ ಮೇಲೆ ರಕ್ತ ಹೋಗುವುದು, ಇವು ಇದ್ದರೆ ಹೋದ ವರ್ಷದ ರಿಪೋರ್ಟ್ ನಾರ್ಮಲ್ ಇತ್ತು ಎಂದು ಸುಮ್ಮನಿರಬೇಡಿ, ಡಾಕ್ಟರಿಗೆ ತೋರಿಸಿ. ಹೋಗುವಾಗ ಹಳೆಯ ರಿಪೋರ್ಟ್ ಕೈಯಲ್ಲಿರಲಿ. ಎರಡನೇ ಅಭಿಪ್ರಾಯ ಬೇಕಿದ್ದರೆ ಬರೀ ಕಾಗದ ಸಾಲದು, ಲ್ಯಾಬ್‌ನಲ್ಲಿ ಬಾಯಿಬಿಟ್ಟು ಸ್ಲೈಡನ್ನೇ ಕೇಳಿ.