ಸಿಕಲ್ ಸೆಲ್ ಕರಿಯರ ಕಾಯಿಲೆಯೇ?

ಪ್ರಶ್ನೆ: ಸಿಕಲ್ ಸೆಲ್ ಆಫ್ರಿಕಾದ ಕರಿಯರ ಕಾಯಿಲೆ ಅಂತ ಓದಿದ್ದೆ. ಮತ್ತೆ ನಮ್ಮ ಎಚ್.ಡಿ. ಕೋಟೆ ಹಾಡಿಗಳಲ್ಲಿ ಅದಕ್ಕೆ ರಕ್ತ ಪರೀಕ್ಷೆ ಯಾಕೆ? ಹಾಲು ಅರಗದಿರುವುದೂ ಜನಾಂಗದ ಗುಣವೇ?

ಉತ್ತರ: ಮೈಬಣ್ಣ ಬಿಡಿ, ಮಲೇರಿಯಾ ನೋಡಿ. ಕೆಂಪು ರಕ್ತಕಣಗಳನ್ನು ಕುಡುಗೋಲಿನಂತೆ ಬಾಗಿಸುವ ಸಿಕಲ್ ಜೀನ್ ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ ಕಾಯಿಲೆ. ಒಬ್ಬರಿಂದ ಮಾತ್ರ ಬಂದವರು ವಾಹಕರು. ಅವರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ, ಜೊತೆಗೆ ಮಾರಕ ಫಾಲ್ಸಿಪೇರಮ್ ಮಲೇರಿಯಾಕ್ಕೆ ಬಲಿಯಾಗುವ ಸಂಭವವೂ ಕಡಿಮೆ. ಹಾಗಾಗಿ ಮಲೇರಿಯಾ ತಲೆಮಾರುಗಟ್ಟಲೆ ಕಾಡಿದ ಕಡೆ ಈ ಜೀನ್ ಉಳಿದುಕೊಂಡಿತು: ಪಶ್ಚಿಮ ಆಫ್ರಿಕಾ, ಗ್ರೀಸ್‌ನ ಕೆಲವು ಭಾಗ, ಪೂರ್ವ ಸೌದಿ, ನಮ್ಮ ನೀಲಗಿರಿ, ವಯನಾಡು. ನೀಲಗಿರಿಯ ಬುಡಕಟ್ಟುಗಳಲ್ಲಿ ಇದನ್ನು 1952ರಲ್ಲೇ ಗುರುತಿಸಿದ್ದರು. ಅದೇ ಕಾಡಿನ ಸೆರಗಿನಲ್ಲಿದೆ ಕೋಟೆ. ಇತ್ತ ದಕ್ಷಿಣ ಆಫ್ರಿಕಾದ ಖೋಸಾ ಜನರಲ್ಲಿ ಇದು ಬಲು ಅಪರೂಪ. ಅವರೂ ಕರಿಯರೇ ತಾನೆ?

ಪರಿಸರ ಜೀನನ್ನು ಉಳಿಸುತ್ತದೆ, ವಂಶ ಅದನ್ನು ಹೊತ್ತು ಸಾಗುತ್ತದೆ. ಹಾಡಿಯಿಂದ ಮೈಸೂರಿಗೆ ಬಂದು ನೆಲೆಸಿದ ಜೇನುಕುರುಬ ಗಂಡ ಹೆಂಡತಿ ಇಬ್ಬರೂ ವಾಹಕರಾಗಿದ್ದರೆ, ಊರಲ್ಲಿ ಮಲೇರಿಯಾ ಇಲ್ಲದಿದ್ದರೂ ಪ್ರತಿ ಬಸಿರಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲೊಂದು. ಮುಖ ನೋಡಿ ಇದನ್ನು ಹೇಳಲಾಗದು. ಶಿಬಿರದ ಸಾಲ್ಯುಬಿಲಿಟಿ ಪರೀಕ್ಷೆ ಪಾಸಿಟಿವ್ ಬಂದರೂ ವಾಹಕರೋ ರೋಗಿಯೋ ತಿಳಿಯದು; ಅದಕ್ಕೆ ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸಿ ನೋಡುವ ಎಲೆಕ್ಟ್ರೊಫೊರೆಸಿಸ್ ಅಥವಾ ಎಚ್‌ಪಿಎಲ್‌ಸಿ ಪರೀಕ್ಷೆ ಆಗಬೇಕು.

ಹಾಲಿನದೂ ಹೆಚ್ಚುಕಡಿಮೆ ಇದೇ ಕಥೆ, ಇಲ್ಲಿ ಕಾರಣ ದನ ಸಾಕಣೆ. ದೊಡ್ಡವರಾದ ಮೇಲೂ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಅರಗಿಸಲು ನೆರವಾಗುವ ಯುರೋಪಿನವರ ಜೀನ್ ರೂಪಾಂತರವೇ ಪಂಜಾಬಿಗಳಲ್ಲೂ ಇದೆ. ಪೂರ್ವ ಆಫ್ರಿಕಾದ ದನಗಾಹಿಗಳಲ್ಲಿ ಬೇರೆಯದೇ ಹುಟ್ಟಿಕೊಂಡಿತು. ದಕ್ಷಿಣ ಭಾರತದಲ್ಲಿ ಇದು ಕಡಿಮೆ. ಅದಕ್ಕೇ ಮಂಡ್ಯದಲ್ಲಿ ಹಾಲಿನ ಹೊಳೆಯೇ ಹರಿದರೂ ಒಂದು ಲೋಟ ಕುಡಿದರೆ ಹೊಟ್ಟೆಯುಬ್ಬರ ಎನ್ನುವವರು ಇದ್ದಾರೆ. ಅವರಿಗೂ ಮೊಸರು ಸಾಮಾನ್ಯವಾಗಿ ಒಗ್ಗುತ್ತದೆ, ಹೆಪ್ಪಿನ ಬ್ಯಾಕ್ಟೀರಿಯಾ ಒಂದಷ್ಟು ಲ್ಯಾಕ್ಟೋಸನ್ನು ಮೊದಲೇ ತಿಂದಿರುತ್ತದೆ.